19 ಮಕ್ಕಳು 2/5 ಎಂದು ಬರೆದರೆ ನಿಮ್ಮ ಪಾಠ ಯೋಜನೆ ಏನಾಗಬೇಕು?

ಪ್ರಶ್ನೆ: ನಾನು ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ, ವಿಷಯ ಗಣಿತ. ಪಾಠ ಯೋಜನೆ ಬಗ್ಗೆ ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಗಳಿಗೆ ಎರಡು ಪುಟ ಬರೆದರೂ 10ಕ್ಕೆ 3, 4 ದಾಟುವುದಿಲ್ಲ ಸರ್. ಉದ್ದೇಶ, ಬೋಧನೋಪಕರಣ, 5ಇ ಹಂತ ಎಲ್ಲಾ ಬರೆದಿರುತ್ತೇನೆ. ಅಂಕ ಕೊಡುವವರು ಅಲ್ಲಿ ಏನು ಹುಡುಕ್ತಾರೆ? ಒಂದೆರಡು ಪ್ರಶ್ನೆಗೆ ಮಾದರಿ ಉತ್ತರ ಬರೆದು, ಅಂಕ ಎಲ್ಲಿ ಬರುತ್ತೆ ಎಲ್ಲಿ ಹೋಗುತ್ತೆ ಅಂತ ತೋರಿಸ್ತೀರಾ?

ಉತ್ತರ: ಮೊದಲು ಒಂದು ಪ್ರಶ್ನೆಯನ್ನೇ ಎದುರಿಗೆ ಇಟ್ಟುಕೊಳ್ಳೋಣ. ಇದು ನಾನು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಪ್ರತಿ ವರ್ಷ ಕೊಡುವ ಪ್ರಶ್ನೆ.

"6ನೇ ತರಗತಿ, 32 ಮಕ್ಕಳು, 40 ನಿಮಿಷದ ಅವಧಿ. ಛೇದ ಒಂದೇ ಇರುವ ಭಿನ್ನರಾಶಿಗಳನ್ನು ಕೂಡುವುದು ನಿನ್ನೆ ಮುಗಿದಿದೆ. ಛೇದ ಬೇರೆ ಬೇರೆ ಇದ್ದಾಗ ಲ.ಸಾ.ಅ. ಬಳಸಿ ಕೂಡುವುದು ಇಂದಿನ ಪಾಠ. ಪಾಠ ಶುರು ಮಾಡುವ ಮೊದಲು ನೀವು 1/2 + 1/3 ಎಷ್ಟು ಎಂದು ಚೀಟಿಯಲ್ಲಿ ಬರೆಸುತ್ತೀರಿ. 19 ಮಕ್ಕಳು 2/5 ಎಂದು, 6 ಮಕ್ಕಳು 5/6 ಎಂದು ಬರೆದಿದ್ದಾರೆ. 7 ಮಕ್ಕಳು ಏನೂ ಬರೆದಿಲ್ಲ. ನಿಮ್ಮ ಪಾಠ ಯೋಜನೆಯನ್ನು ಹೇಗೆ ಬದಲಿಸುತ್ತೀರಿ? 10 ಅಂಕ."

ಇದಕ್ಕೆ ಹೆಚ್ಚಿನವರು ಬರೆಯುವ ಉತ್ತರ ಹೀಗಿರುತ್ತದೆ: "ಮಕ್ಕಳಿಗೆ ಭಿನ್ನರಾಶಿಯ ಪರಿಕಲ್ಪನೆ ಸ್ಪಷ್ಟವಾಗಿಲ್ಲ. ಆದ್ದರಿಂದ ಆಸಕ್ತಿ ಮೂಡುವಂತೆ ಚಟುವಟಿಕೆಗಳ ಮೂಲಕ, ಸೂಕ್ತ ಬೋಧನೋಪಕರಣ ಬಳಸಿ ಮತ್ತೊಮ್ಮೆ ವಿವರಿಸುತ್ತೇನೆ. ಕಾಗದ ಮಡಚಿ ಭಿನ್ನರಾಶಿ ತೋರಿಸುತ್ತೇನೆ. ಲ.ಸಾ.ಅ. ಕಂಡುಹಿಡಿಯುವುದನ್ನು ಕಪ್ಪು ಹಲಗೆಯ ಮೇಲೆ ಹಂತ ಹಂತವಾಗಿ ಬಿಡಿಸುತ್ತೇನೆ. ಹಿಂದುಳಿದವರಿಗೆ ಪರಿಹಾರ ಬೋಧನೆ, ಮುಂದಿರುವವರಿಗೆ ಪೂರಕ ಚಟುವಟಿಕೆ ನೀಡುತ್ತೇನೆ. ಕೊನೆಗೆ ಐದು ಪ್ರಶ್ನೆ ಕೇಳಿ ಮೌಲ್ಯಮಾಪನ ಮಾಡುತ್ತೇನೆ."

ಓದಲು ಚೆನ್ನಾಗಿಯೇ ಇದೆ. ಆದರೆ ಒಂದು ಕೆಲಸ ಮಾಡಿ ನೋಡಿ. ಇದರಲ್ಲಿ ಭಿನ್ನರಾಶಿ, ಲ.ಸಾ.ಅ. ಎಂದಿರುವ ಕಡೆ ಲೋಪಸಂಧಿ, ಆಗಮಸಂಧಿ ಎಂದು ಹಾಕಿ. ಕನ್ನಡ ಪಾಠಕ್ಕೂ ಇದೇ ಉತ್ತರ ನಡೆದುಹೋಗುತ್ತದೆ, ಅಲ್ವಾ? ಪ್ರಶ್ನೆಯಲ್ಲಿದ್ದ 19, 6, 7 ಎಂಬ ಅಂಕಿಗಳಾಗಲಿ, 2/5 ಎಂಬ ಉತ್ತರವಾಗಲಿ ಇದರಲ್ಲಿ ಒಂದು ಸಲವೂ ಬಂದಿಲ್ಲ. ಪ್ರಶ್ನೆ ಕೊಟ್ಟವರು ಅವನ್ನು ಸುಮ್ನೆ ಹಾಕಿರುವುದಿಲ್ಲ. ನಿಮಗೆ ಹೋಗುತ್ತಿರುವ ಅಂಕ ಬಹುಶಃ ಅಲ್ಲೇ ಇದೆ.

ನಾನು ಅಂಕ ಹಂಚುವುದು ಹೀಗೆ. ಮಕ್ಕಳ ಉತ್ತರವನ್ನು ಓದಿ ಅರ್ಥ ಮಾಡಿಕೊಂಡಿದ್ದಕ್ಕೆ 2. ಉದ್ದೇಶವನ್ನು ಅದಕ್ಕೆ ತಕ್ಕಂತೆ ಬದಲಿಸಿದ್ದಕ್ಕೆ 2. ಆ ತಪ್ಪನ್ನೇ ಮುಟ್ಟುವ ಚಟುವಟಿಕೆಗೆ 3. ಸಮಯ ಹಂಚಿ, ಏನನ್ನು ಕೈಬಿಟ್ಟೆ ಎಂದು ಹೇಳಿದ್ದಕ್ಕೆ 1. ಕೊನೆಯ ಪರಿಶೀಲನೆ ಮತ್ತು ಅದರ ಮೇಲೆ ನಾಳೆಯ ನಿರ್ಧಾರಕ್ಕೆ 2. ಬೇರೆ ಕಾಲೇಜಿನಲ್ಲಿ ಅಂಕದ ಲೆಕ್ಕ ಬೇರೆ ಇರಬಹುದು. ನೋಡುವ ಸಂಗತಿಗಳು ಹೆಚ್ಚುಕಡಿಮೆ ಇವೇ. ಮೇಲಿನ ಉತ್ತರಕ್ಕೆ ತೊಂದರೆ ಭಿನ್ನರಾಶಿಯಲ್ಲಿದೆ ಎಂದು ಗುರುತಿಸಿದ್ದಕ್ಕೆ 1, ಕಾಗದ ಮಡಚುವ ಮಾತಿಗೆ 1, ಮೌಲ್ಯಮಾಪನ ಇದೆ ಎಂಬುದಕ್ಕೆ 1. ಒಟ್ಟು 3.

ಉತ್ತರ ಬರೆಯುವ ಮೊದಲು ಎರಡು ನಿಮಿಷ 2/5 ಎಲ್ಲಿಂದ ಬಂತು ಎಂದು ಯೋಚಿಸಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಾರೆ. ಅಂದರೆ ಮಗುವಿನ ಕಣ್ಣಿಗೆ 1/2 ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ, ಒಂದರ ಮೇಲೊಂದು ಕೂತ ಎರಡು ಸಂಖ್ಯೆಗಳಾಗಿ ಕಾಣುತ್ತಿದೆ. 19 ಮಕ್ಕಳು ಒಂದೇ ರೀತಿ ತಪ್ಪಿದ್ದಾರೆ ಎಂದರೆ ಅದು ಅಜಾಗರೂಕತೆಯಲ್ಲ, ಅವರ ತಲೆಯಲ್ಲಿ ಒಂದು ನಿಯಮವೇ ಇದೆ. ಆ ನಿಯಮವನ್ನು ಕಲಿಸಿದವರಲ್ಲಿ ನಾವೂ ಸೇರಿದ್ದೇವೆ! ಕಿರುಪರೀಕ್ಷೆಯ ಪುಸ್ತಕದಲ್ಲಿ ಒಂದು ಕಡೆ 7/10, ಇನ್ನೊಂದು ಕಡೆ 15/20 ಎಂದು ಕೆಂಪು ಶಾಯಿಯಲ್ಲಿ ಬರೆದು, ಒಟ್ಟು 22/30 ಎಂದು ಹಾಕುವವರು ನಾವೇ. ಅಂಕ ಕೂಡುವಾಗ ಅದು ಸರಿ. ಅಲ್ಲಿ ಗೆರೆ ಎಂದರೆ "ಇಷ್ಟಕ್ಕೆ ಇಷ್ಟು", ಎರಡು ಪರೀಕ್ಷೆ ಸೇರಿ ಒಂದು ದೊಡ್ಡ ಪರೀಕ್ಷೆ ಆಗುತ್ತದೆ. ಒಂದೇ ರೊಟ್ಟಿಯ ಅರ್ಧ ಮತ್ತು ಮೂರನೇ ಒಂದು ಭಾಗ ಸೇರಿಸುವಾಗ ರೊಟ್ಟಿ ದೊಡ್ಡದಾಗುವುದಿಲ್ಲ. ಈ ವ್ಯತ್ಯಾಸ ಉತ್ತರದಲ್ಲಿ ಒಂದು ಸಾಲಿನಲ್ಲಿ ಬಂದರೂ ಸಾಕು, ಮೊದಲ 2 ಅಂಕ ಪೂರ್ತಿ ಕೊಡುತ್ತೇನೆ.

ಈ ತಪ್ಪಿನಲ್ಲಿ ಇನ್ನೊಂದು ಗುಣ ಇದೆ. ಮೇಲೆ ಕೆಳಗೆ ಬೇರೆ ಬೇರೆಯಾಗಿ ಕೂಡಿದಾಗ ಬರುವ ಉತ್ತರ ಯಾವಾಗಲೂ ಆ ಎರಡು ಭಿನ್ನರಾಶಿಗಳ ನಡುವೆಯೇ ಬೀಳುತ್ತದೆ. 2/5 ಎಂಬುದು 1/3ಕ್ಕಿಂತ ದೊಡ್ಡದು, 1/2ಕ್ಕಿಂತ ಚಿಕ್ಕದು. ಅಂದರೆ ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಅರ್ಧಕ್ಕಿಂತ ಕಡಿಮೆ ಬಂತು! ಮಗು ತಾನೇ ಒಪ್ಪದ ಮಾತು ಇದು. ಒಳ್ಳೆಯ ಪಾಠ ಇಲ್ಲಿಂದ ಶುರುವಾಗುತ್ತದೆ.

ಈಗ ಮಾದರಿ ಉತ್ತರ. ಪರೀಕ್ಷೆಯಲ್ಲಿ ಬರೆಯುವ ಧಾಟಿಯಲ್ಲೇ ಬರೆದಿದ್ದೇನೆ.

"32 ಮಕ್ಕಳಲ್ಲಿ 19 ಮಂದಿ ಅಂಶಗಳನ್ನೂ ಛೇದಗಳನ್ನೂ ಬೇರೆ ಬೇರೆಯಾಗಿ ಕೂಡಿದ್ದಾರೆ. ಭಿನ್ನರಾಶಿಯನ್ನು ಅವರು ಒಂದೇ ಸಂಖ್ಯೆಯಾಗಿ ನೋಡುತ್ತಿಲ್ಲ. ಈಗಲೇ ಲ.ಸಾ.ಅ. ವಿಧಾನ ಹೇಳಿಕೊಟ್ಟರೆ ಹೊಸ ನಿಯಮ ಹಳೆಯ ನಿಯಮದ ಮೇಲೆ ಕೂರುತ್ತದೆ, ಹಳೆಯದು ಹೋಗುವುದಿಲ್ಲ. ಖಾಲಿ ಬಿಟ್ಟ 7 ಮಕ್ಕಳ ತೊಂದರೆ ಏನೆಂದು ಚೀಟಿಯಿಂದ ತಿಳಿಯುವುದಿಲ್ಲ. ಅದನ್ನು ತರಗತಿಯಲ್ಲೇ ನೋಡಬೇಕು. 5/6 ಎಂದು ಬರೆದ 6 ಮಕ್ಕಳಿಗೂ ಅದು ಯಾಕೆ ಎಂದು ಗೊತ್ತಿದೆಯೋ, ಬರಿ ವಿಧಾನ ಬಾಯಿಪಾಠವೋ ಹೇಳಲಾಗದು.

ಆದ್ದರಿಂದ ಇಂದಿನ ಉದ್ದೇಶವನ್ನು ಹೀಗೆ ಬದಲಿಸುತ್ತೇನೆ: ಅವಧಿಯ ಕೊನೆಗೆ ಮಗುವು 12 ಚೌಕಗಳ ಪಟ್ಟಿಯ ಮೇಲೆ ಎರಡು ಭಿನ್ನರಾಶಿಗಳನ್ನು ಗುರುತಿಸಿ ಅವುಗಳ ಮೊತ್ತವನ್ನು ಹೇಳುತ್ತದೆ, ಮತ್ತು 2/5 ಯಾಕೆ ಉತ್ತರ ಆಗಲಾರದು ಎಂಬುದಕ್ಕೆ ಒಂದು ಕಾರಣ ಕೊಡುತ್ತದೆ. ಲ.ಸಾ.ಅ. ವಿಧಾನವನ್ನು ನಾಳೆಗೆ ಬಿಡುತ್ತೇನೆ.

ಮೊದಲ 5 ನಿಮಿಷ: ಯಾರ ಹೆಸರೂ ಹೇಳದೆ 2/5, 5/6 ಎರಡನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಯಾವುದು ಸರಿ ಎಂದು ಹೇಳುವುದಿಲ್ಲ. 10 ಚೌಕಗಳ ಒಂದು ಪಟ್ಟಿ ಬರೆದು ಅದರ ಅರ್ಧ ಎಷ್ಟು, 2/5 ಎಷ್ಟು ಎಂದು ಕೇಳುತ್ತೇನೆ. ಅರ್ಧ 5 ಚೌಕ, 2/5 ಎಂದರೆ 4 ಚೌಕ. 'ಅರ್ಧಕ್ಕೆ ಇನ್ನೂ ಸ್ವಲ್ಪ ಸೇರಿಸಿದೆವು. ಉತ್ತರ ಅರ್ಧಕ್ಕಿಂತ ಕಡಿಮೆ ಬರಬಹುದಾ?' ಎಂದು ಕೇಳಿ ಸುಮ್ಮನಾಗುತ್ತೇನೆ.

ಮುಂದಿನ 15 ನಿಮಿಷ: ಮಕ್ಕಳು ಇಬ್ಬಿಬ್ಬರಾಗಿ ಗಣಿತದ ಚೌಕದ ಪುಸ್ತಕದಲ್ಲಿ 12 ಚೌಕಗಳ ಪಟ್ಟಿ ಬರೆಯುತ್ತಾರೆ. ಅದರ ಅರ್ಧಕ್ಕೆ, ಅಂದರೆ 6 ಚೌಕಕ್ಕೆ ಒಂದು ಬಣ್ಣ. ಮೂರನೇ ಒಂದು ಭಾಗಕ್ಕೆ, ಅಂದರೆ 4 ಚೌಕಕ್ಕೆ ಇನ್ನೊಂದು ಬಣ್ಣ. ಒಟ್ಟು 10/12. ಎರಡೆರಡು ಚೌಕ ಸೇರಿಸಿ ನೋಡಿದರೆ 5/6. ಖಾಲಿ ಬಿಟ್ಟ 7 ಮಕ್ಕಳ ಬಳಿ ಈ ಹೊತ್ತಿನಲ್ಲಿ ಹೋಗಿ '12ರ ಮೂರನೇ ಒಂದು ಭಾಗ ತೋರಿಸು' ಎಂದು ಕೇಳುತ್ತೇನೆ. ಅಲ್ಲೇ ತಡೆದರೆ ಅವರ ತೊಂದರೆ ಕೂಡುವುದರಲ್ಲಿಲ್ಲ, ಸಮಭಾಗ ಮಾಡುವುದರಲ್ಲಿದೆ ಎಂದು ತಿಳಿಯುತ್ತದೆ. ಆ 6 ಮಕ್ಕಳಿಗೆ '12 ಚೌಕದ ಬದಲು 10 ಚೌಕದ ಪಟ್ಟಿ ತಗೊಂಡರೆ ಏನು ತೊಂದರೆ?' ಎಂಬ ಪ್ರಶ್ನೆ ಕೊಡುತ್ತೇನೆ.

ಮುಂದಿನ 12 ನಿಮಿಷ: ಇಬ್ಬರು ಮಕ್ಕಳು ತಮ್ಮ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಾರೆ. ಎಲ್ಲರೂ ಅದೇ ಪಟ್ಟಿಯಲ್ಲಿ 1/4 + 1/2 ಮಾಡುತ್ತಾರೆ. 3 ಚೌಕ, 6 ಚೌಕ, ಒಟ್ಟು 9/12, ಅಂದರೆ 3/4. ಎರಡು ಭಾಗಗಳನ್ನೂ ಒಂದೇ ಅಳತೆಯ ಚೌಕದಲ್ಲಿ ಎಣಿಸಿದೆವು ಎಂಬ ಮಾತು ಮಕ್ಕಳಿಂದಲೇ ಬರುವಂತೆ ಕೇಳುತ್ತೇನೆ.

ಕೊನೆಯ 8 ನಿಮಿಷ: ಮತ್ತೆ ಚೀಟಿ. 1/3 + 1/4 ಎಷ್ಟು? ಒಬ್ಬ ಹುಡುಗ 2/7 ಅಂದ, ಅವನಿಗೆ ನೀನು ಏನು ಹೇಳ್ತೀಯ? 25ಕ್ಕಿಂತ ಹೆಚ್ಚು ಮಕ್ಕಳು 7/12 ಬರೆದು ಕಾರಣವನ್ನೂ ಕೊಟ್ಟರೆ ನಾಳೆ ಲ.ಸಾ.ಅ.ಗೆ ಹೋಗುತ್ತೇನೆ. ಉತ್ತರ ಸರಿ ಇದ್ದು ಕಾರಣ ಬಾರದಿದ್ದರೆ ನಾಳೆಯ ಮೊದಲ 10 ನಿಮಿಷ ಮತ್ತೆ ಪಟ್ಟಿಯೊಂದಿಗೆ. 2/7 ಎಂದೇ ಹಲವರು ಬರೆದರೆ ಲ.ಸಾ.ಅ. ಇನ್ನೂ ಒಂದು ದಿನ ಮುಂದೆ ಹೋಗುತ್ತದೆ."

ಇಲ್ಲಿಗೆ ಉತ್ತರ ಮುಗಿಯಿತು. ಇದರಲ್ಲಿ "ಸಾಮಾನ್ಯ ಉದ್ದೇಶಗಳು" ಎಂಬ ತಲೆಬರಹವಿಲ್ಲ. 5ಇ ಎಂಬ ಹೆಸರೂ ಇಲ್ಲ. ನಿಮ್ಮ ಕಾಲೇಜಿನಲ್ಲಿ ಬೇಕೇ ಬೇಕು ಎಂದರೆ ಬದಿಯಲ್ಲಿ ಹಂತದ ಹೆಸರು ಬರೆದುಕೊಳ್ಳಿ, ತಪ್ಪೇನಿಲ್ಲ. ಆದರೆ ಒಂದು ಮಾತು ನೆನಪಿರಲಿ. 5ಇ ಮಾದರಿಯನ್ನು ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯವರು 1980ರ ದಶಕದಲ್ಲಿ ವಿಜ್ಞಾನ ಕಲಿಸಲು ರೂಪಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಹಲವು ದಿನ ನಡೆಯುವ ಒಂದು ಘಟಕ. ನಾವು ಐದೂ ಹಂತವನ್ನು 40 ನಿಮಿಷಕ್ಕೆ ತುರುಕುತ್ತೇವೆ. ಹಂತಕ್ಕೆ 8 ನಿಮಿಷ ಎಂದು ಸಮವಾಗಿ ಹಂಚಿದ ಯೋಜನೆ ಕಂಡರೆ ಇವರು ತರಗತಿಯನ್ನು ಮನಸ್ಸಿನಲ್ಲಿ ನಡೆಸಿಯೇ ನೋಡಿಲ್ಲ ಎಂದು ನನಗೆ ಅನಿಸುತ್ತದೆ.

ಈಗ ಅಂಕ ಹಾಕುವವರ ಕಡೆಯಿಂದ ನೋಡೋಣ. ಚಟುವಟಿಕೆಯ 3 ಅಂಕದಲ್ಲಿ ಒಂದು ಅಂಕವನ್ನು ನಾನು ಸಂಖ್ಯೆಗಳ ಆಯ್ಕೆಗೇ ಇಟ್ಟಿರುತ್ತೇನೆ. 12 ಚೌಕ ಯಾಕೆ? 2, 3, 4 ಮೂರರಿಂದಲೂ ಸಮಭಾಗ ಆಗುತ್ತದೆ. "ಒಂದು ಪಟ್ಟಿ ತೆಗೆದುಕೊಂಡು" ಎಂದಷ್ಟೇ ಬರೆದರೆ ಆ ಅಂಕ ಇಲ್ಲ. ಇದನ್ನು ನಾನು ಕಲಿತದ್ದು ಅವಮಾನವಾದ ಮೇಲೆ. ನನ್ನ ಅಭ್ಯಾಸ ಬೋಧನೆಯಲ್ಲಿ ಅಳೆಯಲು ಸುಲಭ ಎಂದು 10 ಸೆಂ.ಮೀ. ಪಟ್ಟಿಗಳನ್ನು ಕತ್ತರಿಸಿಕೊಂಡು ಹೋಗಿದ್ದೆ. ಮೂರು ಭಾಗ ಮಾಡಿ ಎಂದಾಗ ಮಕ್ಕಳು ಸ್ಕೇಲ್ ಹಿಡಿದು ಮೂರು ಪಾಯಿಂಟ್ ಮೂರು ಎಂದು ಒದ್ದಾಡಿದರು. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ವೃತ್ತ ಬರೆದು ಕೈಯಲ್ಲೇ ಮೂರು ಭಾಗ ಮಾಡಿಸುವ ಉತ್ತರಗಳದ್ದೂ ಇದೇ ಕಥೆ. ಭಾಗಗಳು ಸಮ ಬರುವುದಿಲ್ಲ, 5/6 ಕಣ್ಣಿಗೆ ಕಾಣುವುದಿಲ್ಲ. ಅಂಥ ಉತ್ತರಕ್ಕೆ 3ಕ್ಕೆ 1.

ಹಾಗಂತ ಪಟ್ಟಿಯೇ ಆಗಬೇಕು ಎಂದಿಲ್ಲ. ಒಂದು ವರ್ಷ ಒಬ್ಬ ಹುಡುಗಿ ಗಡಿಯಾರದಿಂದ ಉತ್ತರ ಬರೆದಿದ್ದಳು. ಅರ್ಧ ಗಂಟೆ 30 ನಿಮಿಷ, ಗಂಟೆಯ ಮೂರನೇ ಒಂದು ಭಾಗ 20 ನಿಮಿಷ, ಒಟ್ಟು 50 ನಿಮಿಷ, ಅಂದರೆ ಗಂಟೆಯ 5/6. ಗಂಟೆಯ 2/5 ಎಂದರೆ 24 ನಿಮಿಷ, ಅರ್ಧ ಗಂಟೆಯೂ ಆಗಲಿಲ್ಲ. ಉಪಕರಣದ ಖರ್ಚೂ ಇಲ್ಲ! ಪೂರ್ತಿ 3 ಕೊಟ್ಟೆ. ಮಾದರಿ ಉತ್ತರಕ್ಕೆ ಹೋಲದಿದ್ದರೂ ತಪ್ಪಿನ ಬೇರನ್ನು ಮುಟ್ಟಿದರೆ ಅಂಕ ಕೊಡಬೇಕು ಎಂದು ನಮ್ಮ ಸೂಚನೆಯಲ್ಲೇ ಬರೆದುಕೊಂಡಿದ್ದೇವೆ.

ಉದ್ದೇಶದ 2 ಅಂಕ ಹೋಗುವುದು "ತಿಳಿದುಕೊಳ್ಳುವರು", "ಅರಿಯುವರು" ಎಂಬ ಮಾತುಗಳಿಂದ. ತಿಳಿದುಕೊಂಡದ್ದನ್ನು ನೀವು ನೋಡುವುದು ಹೇಗೆ? ಮಗು ಗುರುತಿಸುತ್ತದೆ, ಕಾರಣ ಕೊಡುತ್ತದೆ ಎಂದರೆ ನೋಡಬಹುದು. ಇನ್ನು ಕೆಲವರು ಉದ್ದೇಶವನ್ನು ಚೆನ್ನಾಗಿ ಬರೆದು, ಕೊನೆಯಲ್ಲಿ ಬೇರೆಯದನ್ನೇ ಪರೀಕ್ಷಿಸುತ್ತಾರೆ. ಉದ್ದೇಶದಲ್ಲಿ ಕಾರಣ ಕೊಡುವುದಿದೆ, ಕೊನೆಯ ಪ್ರಶ್ನೆಯಲ್ಲಿ ಬರಿ ಲೆಕ್ಕ ಇದೆ. ಅಲ್ಲಿ 1 ಅಂಕ ಕಳೆಯುತ್ತೇನೆ.

ಕೊನೆಯ ಚೀಟಿಯಲ್ಲಿ 1/2 + 1/3 ಅನ್ನೇ ಮತ್ತೆ ಕೊಟ್ಟವರಿಗೂ ಪೂರ್ತಿ ಅಂಕ ಸಿಗುವುದಿಲ್ಲ. ಉತ್ತರ ಆಗಲೇ ಹಲಗೆಯ ಮೇಲಿದೆ. ಮಕ್ಕಳು ನೋಡಿ ಬರೆಯುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. 1/3 + 1/4 ಆದರೆ ಅದೇ 12 ಚೌಕದಲ್ಲಿ ಆಗುತ್ತದೆ, ಉತ್ತರ ಮಾತ್ರ ಹೊಸದು. ಹಳೆಯ ನಿಯಮ ಇನ್ನೂ ಉಳಿದಿದ್ದರೆ 2/7 ಎಂದು ತಾನಾಗಿಯೇ ಹೊರಗೆ ಬರುತ್ತದೆ.

ಸಮಯಕ್ಕೆ ಇರುವುದು ಒಂದೇ ಅಂಕ. ಅದನ್ನು ಕಳೆದುಕೊಳ್ಳುವವರೇ ಜಾಸ್ತಿ. ಪಟ್ಟಿಯ ಚಟುವಟಿಕೆಯೂ ಬೇಕು, ಲ.ಸಾ.ಅ. ವಿಧಾನವೂ ಬೇಕು, ಐದು ಲೆಕ್ಕವೂ ಬೇಕು, ಮನೆಗೆಲಸವೂ ಬೇಕು. ಕೂಡಿಸಿದರೆ 65 ನಿಮಿಷ! ಬದಲಿಸಿ ಎಂದು ಕೇಳಿದಾಗ ಸೇರಿಸುತ್ತಾರೆಯೇ ಹೊರತು ಏನನ್ನೂ ತೆಗೆಯುವುದಿಲ್ಲ. "ಇದನ್ನು ಇಂದು ಬಿಡುತ್ತೇನೆ" ಎಂಬ ವಾಕ್ಯ ಇಲ್ಲದ ಉತ್ತರಕ್ಕೆ ಆ ಅಂಕ ಇಲ್ಲ.

ಇನ್ನೊಂದು ಬಗೆಯ ಪ್ರಶ್ನೆಯನ್ನೂ ನೋಡಿಬಿಡಿ. ಇದು ನಮ್ಮ ಸಣ್ಣ ಶಾಲೆಗಳಿಂದಲೇ ಬಂದದ್ದು. "4 ಮತ್ತು 5ನೇ ತರಗತಿ ಒಂದೇ ಕೋಣೆಯಲ್ಲಿವೆ. 4ರಲ್ಲಿ 11, 5ರಲ್ಲಿ 9 ಮಕ್ಕಳು. 4ಕ್ಕೆ ಸುತ್ತಳತೆ, 5ಕ್ಕೆ ವಿಸ್ತೀರ್ಣ. 40 ನಿಮಿಷಕ್ಕೆ ಯೋಜನೆ ಬರೆಯಿರಿ." ಇಲ್ಲಿ ಅಂಕ ಇರುವುದು ಒಂದು ಜಾಗದಲ್ಲಿ: ನೀವು ಒಂದು ಗುಂಪಿನ ಜೊತೆ ಇರುವಾಗ ಇನ್ನೊಂದು ಗುಂಪು ಏನು ಮಾಡುತ್ತಿದೆ, ಮತ್ತು ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಿಮ್ಮನ್ನು ಕೇಳದೆ ಅದಕ್ಕೆ ಹೇಗೆ ಗೊತ್ತಾಗುತ್ತದೆ? "ಗುಂಪಿನ ನಾಯಕ ನೋಡಿಕೊಳ್ಳುತ್ತಾನೆ" ಎಂಬುದು ಉತ್ತರವಲ್ಲ. ನಾಯಕನೂ ಇನ್ನೂ ಕಲಿಯುತ್ತಿರುವ ಮಗುವೇ.

ನಾನು ಒಪ್ಪುವ ಒಂದು ಉತ್ತರ ಹೀಗಿದೆ. ಎರಡೂ ತರಗತಿಗೆ ಒಂದೇ ಸಾಮಗ್ರಿ. ರಟ್ಟಿನಿಂದ ಕತ್ತರಿಸಿದ ಒಂದೇ ಅಳತೆಯ ಚೌಕಗಳು, ಪ್ರತಿ ಜೋಡಿಗೆ 12. ಮೊದಲ 5 ನಿಮಿಷ ಎಲ್ಲರೂ ಸೇರಿ ಚೌಕ ಜೋಡಿಸಿ ಒಂದು ಆಯತ ಮಾಡುತ್ತಾರೆ. ಮುಂದಿನ 12 ನಿಮಿಷ ಶಿಕ್ಷಕರು 4ನೇ ತರಗತಿಯ ಜೊತೆ ಆಯತದ ಅಂಚಿನ ಸುತ್ತ ಬೆರಳು ಓಡಿಸಿ ಎಣಿಸುತ್ತಾರೆ. ಆ ಹೊತ್ತಿಗೆ 5ನೇ ತರಗತಿಯವರು 12 ಚೌಕವನ್ನೂ ಬಳಸಿ ಎಷ್ಟು ಬಗೆಯ ಆಯತ ಆಗುತ್ತದೆ ಎಂದು ಹುಡುಕಿ, ಉದ್ದ ಅಗಲ ಬರೆದಿಡುತ್ತಾರೆ. ಚೌಕ ಉಳಿದರೆ ಅಥವಾ ಮೂಲೆ ಖಾಲಿ ಬಿದ್ದರೆ ತಪ್ಪಾಗಿದೆ ಎಂದು ಅವರಿಗೇ ಕಾಣುತ್ತದೆ. ಮುಂದಿನ 13 ನಿಮಿಷ ಶಿಕ್ಷಕರು 5ರ ಜೊತೆ ಉದ್ದ ಗುಣಿಸು ಅಗಲ ಎಂಬಲ್ಲಿಗೆ ಬರುತ್ತಾರೆ. 4ನೇ ತರಗತಿಯವರು ಈಗ 5ರವರು ಮಾಡಿಟ್ಟ ಆಯತಗಳ ಸುತ್ತಳತೆ ಎಣಿಸುತ್ತಾರೆ. ಜೋಡಿಯಲ್ಲಿ ಇನ್ನೊಬ್ಬರು ಬೇರೆ ಮೂಲೆಯಿಂದ ಎಣಿಸಿ ತಾಳೆ ನೋಡುತ್ತಾರೆ. ಕೊನೆಯ 10 ನಿಮಿಷ ಎಲ್ಲರೂ ಒಟ್ಟಿಗೆ. 1×12ರ ಸುತ್ತಳತೆ 26, 2×6ಕ್ಕೆ 16, 3×4ಕ್ಕೆ 14. ವಿಸ್ತೀರ್ಣ ಮಾತ್ರ ಎಲ್ಲಕ್ಕೂ 12 ಚೌಕ. 5ರವರು ವಿಸ್ತೀರ್ಣ ಹೇಳಬೇಕು, 4ರವರು ಸುತ್ತಳತೆ ಹೇಳಬೇಕು.

ಇಲ್ಲೂ ಒಂದು ಹಳ್ಳ ಇದೆ. 4ರ ಮಕ್ಕಳು ಅಂಚನ್ನು ಎಣಿಸುವ ಬದಲು ಅಂಚಿನಲ್ಲಿರುವ ಚೌಕಗಳನ್ನು ಎಣಿಸುತ್ತಾರೆ. 3×4ರಲ್ಲಿ ಹೀಗೆ ಎಣಿಸಿದರೆ 14ರ ಬದಲು 10 ಬರುತ್ತದೆ, ಏಕೆಂದರೆ ಮೂಲೆಯ ಚೌಕಕ್ಕೆ ಎರಡು ಅಂಚಿದ್ದರೂ ಅದು ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ಇದೇ ತಪ್ಪು ಮಾಡಿದರೆ ತಾಳೆಯೂ ಆಗಿಬಿಡುತ್ತದೆ! ಅದಕ್ಕೇ ಮೊದಲ 12 ನಿಮಿಷದಲ್ಲಿ ಬೆರಳು ಓಡಿಸುವುದನ್ನು ಇಟ್ಟದ್ದು. "10 ಎಂದು ಬಂದರೆ ಬೆರಳನ್ನು ಮೂಲೆಯಲ್ಲಿ ನಿಲ್ಲಿಸಿ, ಎರಡು ಅಂಚು ತೋರಿಸುತ್ತೇನೆ" ಎಂದು ಮೊದಲೇ ಊಹಿಸಿ ಬರೆದ ಉತ್ತರಕ್ಕೆ ನಾನು 10ಕ್ಕೆ 9 ಕೊಟ್ಟಿದ್ದೇನೆ. ಆ ಒಂದು ಅಂಕ ಹೋದದ್ದು ರಟ್ಟಿನ ಚೌಕ ಯಾವ ಅಳತೆಯದು ಎಂದು ಬರೆಯದೆ, ಸುತ್ತಳತೆ 14 ಸೆಂ.ಮೀ. ಎಂದು ಬರೆದಿದ್ದಕ್ಕೆ. ಚೌಕದ ಬದಿ 3 ಸೆಂ.ಮೀ. ಇದ್ದರೆ ಅದು 42 ಆಗುತ್ತದೆ.

ಇಂಥ ಪ್ರಶ್ನೆ ಅಭ್ಯಾಸ ಮಾಡಲು ಗೈಡ್ ಕೊಳ್ಳಬೇಡಿ. ನೀವು ಈಗ ಶಾಲಾನುಭವಕ್ಕೆ ಹೋಗುವ ತರಗತಿಯಲ್ಲೇ ಪಾಠದ ಮೊದಲು ಒಂದು ಲೆಕ್ಕವನ್ನು ಚೀಟಿಯಲ್ಲಿ ಬರೆಸಿ. ಸಂಜೆ ಉತ್ತರಗಳನ್ನು ಒಂದೇ ಥರದವು ಒಂದು ಗುಡ್ಡೆಯಾಗುವಂತೆ ಬೇರ್ಪಡಿಸಿ. ದೊಡ್ಡ ಗುಡ್ಡೆಯ ತಪ್ಪು ಯಾವ ನಿಯಮದಿಂದ ಬಂತು ಎಂದು ಎರಡು ಸಾಲು ಬರೆಯಿರಿ, ನಾಳೆಯ ಯೋಜನೆಯಲ್ಲಿ ಏನು ಬಿಡುತ್ತೀರಿ ಎಂದು ಒಂದು ಸಾಲು. ಅಂಥ ನಾಲ್ಕು ಬರೆದು ಕಳಿಸಿದರೆ ಅಂಕ ಹಾಕಿ ವಾಪಸ್ ಕೊಡುತ್ತೇನೆ.